ಮೂರು ಕೇಳಿದ್ರೆ ಒಂದಕ್ಕೇ ಉತ್ತರ

ನಮ್ಮ ಕಣದಲ್ಲಿ ರೊಬಸ್ಟಾ ಕಾಫಿ ಚೆರಿ ಒಣಗಿ 60 ಮೂಟೆ ಆಗಿತ್ತು, ಇನ್ನೇನು ಹೂಮಳೆ ಬರೋ ಟೈಮು, ಅದಕ್ಕೆ ಮುಂಚೆ ಕೊಟ್ಬಿಡೋಣ ಅಂತ ವ್ಯಾಪಾರಿಗೆ ವಾಟ್ಸಾಪ್ ಹಾಕ್ದೆ. ಅಣ್ಣಾ ಇವತ್ತು ಓಟಿಗೆ ರೇಟ್ ಎಷ್ಟು, ಸ್ಯಾಂಪಲ್ ನಮ್ಮೆದುರೇ ತೆಗೀತೀರಾ ಅಥವಾ ಲೋಡ್ ಬಂದ್ಮೇಲೆ ನಿಮ್ಮ ಗೋಡೌನಲ್ಲಾ, ದುಡ್ಡು ಎಷ್ಟು ದಿನಕ್ಕೆ ಬರುತ್ತೆ, ಅಂತ ಒಂದೇ ಉಸಿರಿಗೆ ಮೂರು ಪ್ರಶ್ನೆ. ಎರಡು ನಿಮಿಷದಲ್ಲಿ ಉತ್ತರ ಬಂತು, ಬರೀ ರೇಟು. ಮುಗೀತು.

ಹೊರಗಿನವರಿಗೆ ಒಂದು ಮಾತು, ಓಟಿ ಅಂದ್ರೆ ಔಟ್‌ಟರ್ನ್, 50 ಕೆಜಿ ಚೆರಿ ಮೂಟೇಲಿ ಸಿಪ್ಪೆ ತೆಗೆದ್ರೆ ಎಷ್ಟು ಕೆಜಿ ಬೀಜ ಬರುತ್ತೆ ಅನ್ನೋದು. ಆ ಕೆಜಿಗೆ ರೇಟ್ ಗುಣಿಸಿದ್ರೆ ಮೂಟೆ ಬೆಲೆ. ಲೆಕ್ಕ ಸುಲಭ ಆಗ್ಲಿ ಅಂತ ಓಟಿಗೆ 300 ರೂಪಾಯಿ ಅಂತಿಟ್ಕೊಳ್ಳಿ, 26 ಬಂದ್ರೆ ಮೂಟೆಗೆ 7800, 27 ಬಂದ್ರೆ 8100. ಒಂದೇ ಒಂದು ಓಟಿ ವ್ಯತ್ಯಾಸಕ್ಕೆ 60 ಮೂಟೇಲಿ 18,000 ಹೋಯ್ತು. ಆ ಓಟಿ ಎಷ್ಟು ಅಂತ ತೀರ್ಮಾನ ಆಗೋದು ಸ್ಯಾಂಪಲ್ ಬಿಡಿಸಿ ತೂಗಿದಾಗ, ಅಂದ್ರೆ ಅವ್ರು ಉತ್ತರ ಕೊಡದೇ ಬಿಟ್ಟ ಎರಡನೇ ಪ್ರಶ್ನೆನೇ ನಂಗೆ ಮುಖ್ಯ, ರೇಟ್ ಏನು, ಬೇರೆಯವರನ್ನ ಕೇಳಿದ್ರೂ ಹೇಳ್ತಾರೆ.

ಹೋದ್ವರ್ಷ ಬೇರೆ ಒಬ್ರ ಹತ್ರ ಹಿಂಗೇ ಆಗಿತ್ತು. ಆಗ ನಾನು ಅದೇ ಮೆಸೇಜನ್ನ ಮತ್ತೆ ಕಾಪಿ ಮಾಡಿ ಹಾಕಿ ಕೆಳಗೆ ಎರಡು ಪ್ರಶ್ನಾರ್ಥಕ ಚಿಹ್ನೆ ಒತ್ತಿದ್ದೆ. ಅತ್ಲಿಂದ ಒಂದು ಹೆಬ್ಬೆರಳು ಬಂತು. ಆ ಹೆಬ್ಬೆರಳು ಯಾವುದಕ್ಕೆ? ಎದುರಿಗೇ ಅನ್ನೋದಕ್ಕಾ, ಗೋಡೌನಲ್ಲಿ ಅನ್ನೋದಕ್ಕಾ, ಸುಮ್ನೆ ನೋಡ್ದೆ ಅಂತಾನಾ? ನಾನು ನಂಗೆ ಬೇಕಾದಂಗೆ ಅರ್ಥ ಮಾಡ್ಕೊಂಡು ಲೋಡ್ ಕಳಿಸ್ದೆ, ಸ್ಯಾಂಪಲ್ ಅವ್ರ ಗೋಡೌನಲ್ಲೇ ಆಯ್ತು, ಮನೇಲಿ ನಾನೇ ಬಿಡಿಸಿ ತೂಗಿದ್ದಕ್ಕಿಂತ ಒಂದು ಓಟಿ ಕಮ್ಮಿ. ಅವ್ರು ಮೋಸ ಮಾಡಿದ್ರು ಅಂತ ಹೇಳಲ್ಲ, ಚೆರಿ ಪೂರ್ತಿ ಒಣಗದೇ ಇದ್ರೂ ಕಮ್ಮಿ ಬರುತ್ತೆ, ಯಾವ ಮೂಟೆಯಿಂದ ತೆಗೆದ್ರು ಅನ್ನೋದ್ರ ಮೇಲೂ ಹೋಗುತ್ತೆ. ಆದ್ರೆ ಎದುರಿಗೆ ಇದ್ದಿದ್ರೆ ಕಣ್ಣಾರೆ ನೋಡಿರ್ತಿದ್ದೆ ತಾನೇ.

ಈ ಸಲ ಸ್ವಲ್ಪ ಯೋಚ್ನೆ ಮಾಡ್ದೆ. ಅವ್ರು ಯಾಕೆ ಒಂದಕ್ಕೇ ಹೇಳಿದ್ರು? ಕುಯ್ಲು ಸೀಸನ್ನಲ್ಲಿ ನನ್ನಂಥವರ ಮೆಸೇಜ್ ರಾಶಿ ಬಿದ್ದಿರುತ್ತೆ, ಫೋನ್ ಮೇಲ್ಗಡೆ ಕಾಣೋದು ಮೊದಲ್ನೇ ಸಾಲು, ಅದ್ರಲ್ಲಿ ಇರೋದು ರೇಟು, ಅದು ಬಾಯಿಗೇ ಬರೋ ಉತ್ತರ. ದುಡ್ಡಿನ ದಿನ ಹೇಳೋಕೆ ಪಾರ್ಟ್ನರ್‌ನ ಕೇಳ್ಬೇಕೇನೋ. ಸ್ಯಾಂಪಲ್ ವಿಷ್ಯ ಮಾತ್ರ ಬರವಣಿಗೇಲಿ ಸಿಕ್ಕಾಕ್ಕೊಳ್ಳೋಕೆ ಯಾರಿಗೂ ಇಷ್ಟ ಇರಲ್ಲ, ಅದು ಮರೆವೋ ಬೇಕಂತಲೇ ಬಿಟ್ಟಿದ್ದೋ ಒಂದು ಮೆಸೇಜಲ್ಲಿ ಗೊತ್ತಾಗಲ್ಲ. ಮತ್ತೆ ಸುಳ್ಳು ಯಾಕೆ, ಮೂರನ್ನೂ ಒಂದೇ ಸಾಲಲ್ಲಿ ತುರುಕಿದ್ದು ನಾನೇ.

ಅರ್ಧ ದಿನ ಬಿಟ್ಟೆ. ಸಾಯಂಕಾಲ ಅಂಗಡಿ ಗಲಾಟೆ ಇಳಿದ್ಮೇಲೆ ಇಷ್ಟು ಹಾಕ್ದೆ: "ರೇಟ್ ಸಿಕ್ತು ಅಣ್ಣ, ಆ ರೇಟಿಗೆ ಕೊಡೋಕೆ ರೆಡಿ. ನಾಳೆ ಲೋಡಿಂಗ್‌ಗೆ ಆಳು ಹೇಳ್ಬೇಕು, ಅದಕ್ಕೆ ಒಂದು ಗೊತ್ತಾಗ್ಬೇಕಿತ್ತು, ಸ್ಯಾಂಪಲ್ ನಮ್ಮ ಕಣದಲ್ಲಾ ನಿಮ್ಮ ಗೋಡೌನಲ್ಲಾ? ಕಣದಲ್ಲಿ ಅಂದ್ರೆ ಬೆಳಿಗ್ಗೆ 8ಕ್ಕೆ ಮೂಟೆ ಬಿಚ್ಚಿಟ್ಟಿರ್ತೀನಿ."

ಎರಡೂ ಉಳಿದಿತ್ತಲ್ಲ, ಒಂದನ್ನೇ ಯಾಕೆ ಕೇಳ್ದೆ ಅಂದ್ರೆ ಎರಡು ಕೇಳಿದ್ರೆ ಮತ್ತೆ ಸುಲಭದ್ದೊಂದಕ್ಕೆ ಹೇಳಿ ಇನ್ನೊಂದು ಬಿಡ್ತಾರೆ. "ನೀವು ಹೇಳ್ಲಿಲ್ಲ" ಅನ್ನೋ ಮಾತೇ ಇಲ್ಲ ನೋಡಿ, ಅವ್ರು ಕೊಟ್ಟಿದ್ದನ್ನ ತಗೊಂಡೆ, ನನ್ನ ಕೆಲ್ಸ ಎಲ್ಲಿ ನಿಂತಿದೆ ಹೇಳ್ದೆ, ಒಂದೇ ಪದದಲ್ಲಿ ಉತ್ತರ ಕೊಡೋ ಹಂಗೆ ಕೇಳ್ದೆ. ಕೆಲವ್ರು "ನೀವೇನೂ ಹೇಳ್ದಿದ್ರೆ ಕಣದಲ್ಲೇ ಅಂದ್ಕೋತೀನಿ" ಅಂತ ಹಾಕ್ತಾರೆ. ಲಾರಿ ಎಷ್ಟೊತ್ತಿಗೆ ಬರುತ್ತೆ ಅನ್ನೋ ಥರದ ವಿಷ್ಯಕ್ಕೆ ಅದು ಪರ್ವಾಗಿಲ್ಲ, ದುಡ್ಡಿನ ವಿಷ್ಯಕ್ಕೆ ಬೇಡ, ಆಮೇಲೆ ಅವ್ರು ನಾನು ಒಪ್ಪೇ ಇರ್ಲಿಲ್ಲ ಅಂದ್ರೆ ನಮ್ಮ ಹತ್ರ ಏನಿದೆ.

"ಕಣ" ಅಂತ ಒಂದೇ ಪದ ಬಂತು. ಆಮೇಲೆ ದುಡ್ಡಿಂದು ಬೇರೆ ಮೆಸೇಜಲ್ಲಿ ಕೇಳ್ದೆ, ವಾರದೊಳಗಾ ಹದಿನೈದು ದಿನಕ್ಕಾ ಅಂತ. ನೀಲಿ ಟಿಕ್ ಬಿತ್ತು, ಉತ್ತರ ಇಲ್ಲ. ಮತ್ತೆ ಟೈಪ್ ಮಾಡ್ಲಿಲ್ಲ, ಮಾರನೇ ದಿನ ಅವ್ರೇ ಕಣಕ್ಕೆ ಬಂದು ಸ್ಯಾಂಪಲ್ ತೆಗೆದು ತಕ್ಕಡಿಗೆ ಹಾಕ್ತಿರೋವಾಗ ಕಾಫಿ ಲೋಟ ಕೈಗಿಟ್ಟು ಕೇಳ್ದೆ. "ಹತ್ತು ದಿನ ಕೊಡಿ, ಮೇಲಿಂದ ನಂಗೂ ಬರ್ಬೇಕಲ್ಲ" ಅಂದ್ರು. ಅದನ್ನ ಅವ್ರೆದುರೇ ವಾಟ್ಸಾಪಲ್ಲಿ "ದುಡ್ಡು ಹತ್ತು ದಿನಕ್ಕೆ, ಓಟಿ 27" ಅಂತ ಹಾಕಿ ತೋರಿಸ್ದೆ, ನಕ್ಕು ಅವ್ರೂ ಹೆಬ್ಬೆರಳೇ ಒತ್ತಿದ್ರು. ಈ ಸಲದ ಹೆಬ್ಬೆರಳಿಗೆ ಅರ್ಥ ಏನು ಅಂತ ತಲೆ ಕೆಡಿಸ್ಕೊಳ್ಳೋದು ಇರ್ಲಿಲ್ಲ, ಆಳುಗಳು ಲಾರಿಗೆ ಹತ್ತಿಸೋಕೆ ಶುರು ಮಾಡಿದ್ರು.