ಮುಟ್ಟಿದರೆ ಜುಮ್ಮ್

ಎಂಟು ದಿನಕ್ಕೊಮ್ಮೆ ನಳ ಬರುವ ನಮ್ಮ ಗದಗಿನ ಓಣಿಯಲ್ಲಿ, ತುಂಬಿದ ಕೊಡ ತಂದು ನೆಲಕ್ಕೆ ಸುರಿಯುವವನನ್ನು ಮಂದಿ ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಹೋದ ವಾರ ನಾನು ಸುರಿದೆ. ಅದೂ ಲ್ಯಾಪ್‌ಟಾಪಿನ ಸಲುವಾಗಿ. ಬಾಜೂಮನಿ ಅಜ್ಜಿ ಗ್ವಾಡಿ ಮೇಲಿಂದ ಇಣುಕಿ, “ಯಾಕೋ ತಮ್ಮಾ, ಅರಾಮ ಅದೀಯಿಲ್ಲೋ?” ಅಂದಳು.

ಅರಾಮ ಇರಲಿಲ್ಲ ನಾನು. ಒಂದು ತಿಂಗಳಿಂದ ಇರಲಿಲ್ಲ.

ಹಳೇ ಲ್ಯಾಪ್‌ಟಾಪು ಪ್ಲಾಸ್ಟಿಕ್ಕಿನದು. ಅದು ಹೋದ ಮೇಲೆ ಮೈತುಂಬಾ ಲೋಹದ ಹೊಸದನ್ನು ತಂದೆ. ತಂದ ಮೊದಲನೇ ದಿನವೇ ಚಾರ್ಜರ್ ಹಚ್ಚಿ ಅದರ ಮೈ ಸವರಿದರೆ ಜುಮ್ ಜುಮ್ ಜುಮ್. ಶಾಕ್ ಅಲ್ಲ. ಬೆಟಗೇರಿಯಲ್ಲಿ ಮಗ್ಗ ನಡೆದಿರುವ ಮನೆಯ ಗೋಡೆಗೆ ಕೈ ಆನಿಸಿದರೆ ಒಂದು ಸಣ್ಣ ನಡುಕ ಬರುತ್ತದಲ್ಲ, ಅಂಥದ್ದು. ಚಾರ್ಜರಿನ ತುದಿಯ ಲೋಹದ ಬಳೆ ಮುಟ್ಟಿದರೂ ಅದೇ. ವಿಚಿತ್ರವೆಂದರೆ, ಬೆರಳನ್ನು ಗಟ್ಟಿಯಾಗಿ ಒತ್ತಿ ಹಿಡಿದರೆ ಏನೂ ಇಲ್ಲ. ಹಗುರಾಗಿ ಜಾರಿಸಿದರೆ ಮಾತ್ರ ನುಣ್ಣನೆಯ ಲೋಹ ಬೆಕ್ಕಿನ ನಾಲಿಗೆಯ ಹಾಗೆ ಒರಟಾಗುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿದರೆ ಮಾಯ.

ಮನೆಯಲ್ಲಿ ಹೇಳಿದೆ. ಹೇಳಬಾರದಿತ್ತು. ಯಾಕೆಂದರೆ ನಮ್ಮ ಮನೆಯಲ್ಲಿ ಕಾಕಾ ಇದ್ದಾರೆ, ಕಾಕಾನ ಕಿಸೆಯಲ್ಲಿ ಟೆಸ್ಟರ್ ಇದೆ.

ಉಳಿದವರು ಪೆನ್ನು ಸಿಕ್ಕಿಸಿಕೊಳ್ಳುವ ಜಾಗದಲ್ಲಿ ಕಾಕಾ ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಾರೆ. ಜಿನ್ನಿಂಗ್ ಮಿಲ್ಲಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಕರೆಂಟಿಗೂ ಅವರಿಗೂ ಇದ್ದ ಸಂಬಂಧ ಬರೇ ತಲೆಯ ಮೇಲಿನ ಫ್ಯಾನಿನದು. ಆದರೂ ಮದುವೆ ಮನೆಗೆ ಹೋದರೆ ಮೊದಲು ಕೂಲರ್ ಪರೀಕ್ಷಿಸುತ್ತಾರೆ, ಆಮೇಲೆ ವಧೂವರರ ಕಡೆ ನೋಡುತ್ತಾರೆ. ಲ್ಯಾಪ್‌ಟಾಪಿನ ಮೂಲೆಗೆ ಟೆಸ್ಟರ್ ಮುಟ್ಟಿಸಿದರು. ಒಳಗಿನ ಸಣ್ಣ ದೀಪ ಮಂದಗೆ ಕೆಂಪಾಯಿತು. ಕಾಕಾನ ಮುಖ ಜೋರಾಗಿ ಬೆಳಗಿತು.

“ಐತಿ! ಕರೆಂಟ್ ಐತಿ! ಕಾಲಾಗ ಚಪ್ಪಲಿ ಹಾಕ್ಕೊಂಡ ಕುಂದ್ರು.”

ದೇವರ ಕೋಣೆಯ ಬಾಗಿಲ ಎದುರಿಗೇ ನನ್ನ ಮೇಜು. ಚಪ್ಪಲಿ ಹಾಕಿಕೊಂಡು ಕೂತ ಎರಡನೇ ನಿಮಿಷಕ್ಕೆ ಅವ್ವ ಬಂದಳು. ಮುಂದಿನದು ಬರೆಯುವುದಿಲ್ಲ. ಕಡೆಗೆ ರಾಜಿಯಾಗಿ ಊಟದ ಮಣೆ ಬಂತು. ಫರಸಿಯ ಮೇಲೆ ಮಣೆ, ಮಣೆಯ ಮೇಲೆ ನನ್ನ ಎರಡೂ ಪಾದ, ಮದುಮಗನ ಹಾಗೆ. ಆಫೀಸಿನ ವಿಡಿಯೋ ಮೀಟಿಂಗಿನಲ್ಲಿ ಮೇಲಿನರ್ಧ ಇಸ್ತ್ರಿ ಅಂಗಿ, ಕೆಳಗಿನರ್ಧ ಅಕ್ಕಿಕಾಳು. ಜುಮ್ಮು ಮಾತ್ರ ನಿಂತೇಬಿಟ್ಟಿತು. ಕಾಕಾ ಎರಡು ದಿನ ಎದೆ ಉಬ್ಬಿಸಿಕೊಂಡು ಓಡಾಡಿದರು.

ಮೂರನೇ ದಿನ ಮಧ್ಯಾಹ್ನ ಹೆಂಡತಿ ಚಹಾ ತಂದಳು. ಆಗತಾನೇ ಫರಸಿ ಒರೆಸಿ ಬಂದ ಹಸಿ ಕಾಲು. ನನ್ನ ಎಡಗೈ ಲ್ಯಾಪ್‌ಟಾಪಿನ ಮೇಲೆ. ಬಲಗೈಗೆ ಕಪ್ಪು ಕೊಡುವಾಗ ಅವಳ ಬೆರಳು ನನ್ನ ಮುಂಗೈಗೆ ಸವರಿತು. ಆಕೆ ಗಕ್ಕನೆ ಕೈ ಹಿಂದಕ್ಕೆ ಎಳೆದುಕೊಂಡಳು, ಚಹಾ ಬಸಿಯಲ್ಲಿ ತುಳುಕಿತು.

“ರೀ, ನಿಮ್ಮನ್ನ ಮುಟ್ಟಿದ್ರ ಜುಮ್ಮ್ ಅಂತೈತ್ರಿ!”

ಮದುವೆಯಾಗಿ ಹನ್ನೊಂದು ವರ್ಷ. ಈ ಮಾತು ಮೊದಲನೇ ವರ್ಷವೂ ಕೇಳಿದ್ದಿಲ್ಲ. ನಾನು ಸ್ವಲ್ಪ ಸೆಟೆದು ಕೂತೆ. ಆಕೆ ಮತ್ತೆ ಹಗುರಾಗಿ ಸವರಿ ನೋಡಿದಳು. ಜುಮ್ಮ್! ಕಿಲಕಿಲ ನಕ್ಕಳು. ಮಗಳನ್ನು ಕೂಗಿದಳು. ಮಗಳು ಮುಟ್ಟಿ ನಕ್ಕು ಅಜ್ಜಿಯನ್ನು ಕರೆದಳು. ಅವ್ವ ಮುಟ್ಟಿ “ಯವ್ವಾ!” ಅಂದಳು. ಬಾಜೂಮನಿಯ ಎರಡು ಹುಡುಗರು ಬಂದು ಸಾಲಿನಲ್ಲಿ ನಿಂತರು. ಒಬ್ಬ ಸಾಲು ಬಿಟ್ಟು ಗಟ್ಟಿಯಾಗಿ ಚಿವುಟಿ, “ಏನೂ ಇಲ್ಲ ಬಿಡು” ಅಂದ. ಅವನಿಗೆ ಇರಲಿಲ್ಲ, ಚಿವುಟಿಸಿಕೊಂಡವನಿಗೆ ಇತ್ತು. ಕಾಕಾ ಎಲ್ಲರನ್ನೂ ಸರಿಸಿ ಬಂದು ನನ್ನ ಮೊಣಕೈಗೆ ಟೆಸ್ಟರ್ ಹಚ್ಚಿದರು. ದೀಪ ಹತ್ತಿತು! ತಮ್ಮ ಅಣ್ಣನ ಮಗನಲ್ಲಿ ಇಷ್ಟಾದರೂ ಏನೋ ಇದೆ ಎಂಬ ತೃಪ್ತಿ ಅವರ ಮುಖದಲ್ಲಿ ಅಂದೇ ಮೊದಲು ಕಂಡದ್ದು. ಈ ಪೂರಾ ಜಾತ್ರೆ ನಡೆಯುವಾಗ ನಾನು ಮೀಟಿಂಗಿನಲ್ಲಿದ್ದೆ, ಕ್ಯಾಮೆರಾ ಹಚ್ಚಿತ್ತು.

ಆಮೇಲೆ ತಿಳಿದದ್ದು, ತಪ್ಪೆಲ್ಲ ಮಣೆಯದು. ಮೊದಲು ಲ್ಯಾಪ್‌ಟಾಪಿನ ಕರೆಂಟು ನನ್ನ ಬೆರಳಲ್ಲಿ ಹೊಕ್ಕು ಪಾದದಿಂದ ಫರಸಿಗೆ ಇಳಿಯುತ್ತಿತ್ತು. ಮಣೆಯ ಮೇಲೆ ಕಾಲಿಟ್ಟ ಮೇಲೆ ಇಳಿಯಲು ದಾರಿ ಇಲ್ಲ. ನಾನೇ ಲ್ಯಾಪ್‌ಟಾಪಿನ ಒಂದು ಭಾಗವಾಗಿಬಿಟ್ಟೆ. ಹಸಿ ನೆಲದಲ್ಲಿ ನಿಂತು ನನ್ನನ್ನು ಮುಟ್ಟಿದವರಿಗೆ ಪಾಳಿ ಹೋಯಿತು. ಸವರಿದರಷ್ಟೇ ಗೊತ್ತಾಗುವುದಕ್ಕೂ ಕಾರಣವಿದೆ. ಬೆರಳಿನ ಒಣ ಮೇಲ್ದೊಗಲನ್ನು ಆ ವೋಲ್ಟೇಜು ಸೆಕೆಂಡಿಗೆ ನೂರು ಸಲ ಹಿಡಿದು ಬಿಡುತ್ತದೆ. ಬೆರಳು ಜಾರುತ್ತಿದ್ದರೆ ಆ ಹಿಡಿತ-ಬಿಡಿತವೇ ನಡುಕವಾಗಿ ತಿಳಿಯುತ್ತದೆ, ನಿಂತ ಬೆರಳಿಗೆ ತಿಳಿಯುವುದಿಲ್ಲ. ಅಮೆರಿಕದ ಮ್ಯಾಲಿಂಕ್ರೊಟ್ ಎಂಬವರು ದೀಪ ಉರಿಯುವಾಗ ಹಿತ್ತಾಳೆಯ ಹೋಲ್ಡರು ಬೆರಳಿಗೆ ಒರಟಾಗುವುದನ್ನು ಗಮನಿಸಿ 1953ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಅವರಿಗೂ ಒಬ್ಬ ಕಾಕಾ ಇದ್ದರೋ ಏನೋ.

ವೈರಮನ್ ಹುಡುಗನನ್ನು ಕರೆಸಿದೆ. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಕಾಕಾ ಟೆಸ್ಟರ್ ಮುಂದೆ ಚಾಚಿದರೆ, ಆತ ನಕ್ಕು ಚೀಲದಿಂದ ಮೀಟರ್ ತೆಗೆದ. “ಅಜ್ಜಾರ, ಇದು ಹೆಚ್ಚೂ ಕಡಿಮಿ ಎರಡಕ್ಕೂ ಹತ್ತತೈತ್ರಿ. ಸಾಯಿಸೂ ಕರೆಂಟಿಗೂ ಹತ್ತತೈತಿ, ಜುಮ್ ಅನ್ನೂ ಕರೆಂಟಿಗೂ ಹತ್ತತೈತಿ.” ಕಾಕಾ ಟೆಸ್ಟರನ್ನು ಮರಳಿ ಕಿಸೆಗಿಟ್ಟುಕೊಂಡ ರೀತಿ ನೋಡಿ ನನಗೇ ಹೊಟ್ಟೆಯಲ್ಲಿ ಒಂಥರಾ ಆಯಿತು.

ಸಾಕೆಟ್ಟಿನ ಮೂರು ತೂತುಗಳಲ್ಲಿ ಎರಡೆರಡನ್ನು ಅಳೆದ. ಫೇಸ್ ಮತ್ತು ನ್ಯೂಟ್ರಲ್ ನಡುವೆ 228 ವೋಲ್ಟು, ಸರಿ. ಫೇಸ್ ಮತ್ತು ಮೇಲಿನ ದೊಡ್ಡ ತೂತಿನ, ಅಂದರೆ ಅರ್ಥಿಂಗಿನ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಬಂದದ್ದು 121. ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ ಒಂದೆರಡು ವೋಲ್ಟು ಇರಬೇಕು. ಇದ್ದದ್ದು 104. ಆಮೇಲೆ ಆ ಎರಡರ ನಡುವೆ ಒಂದು ಬಲ್ಬು ಸೇರಿಸಿದ. ಬಲ್ಬು ಹತ್ತಲಿಲ್ಲ, 104 ಹೋಗಿ ಸೊನ್ನೆಗೆ ಬಂತು. “ನೋಡ್ರಿ ಅಣ್ಣಾರ, ಬರೇ ಸೌಂಡ್ ಪಾರ್ಟಿ. ಹಿಂದ ಜೋರಿಲ್ಲ. ನಿಮ್ಮ ಅರ್ಥಿಂಗ್ ಎಲ್ಲೋ ಹರದೈತಿ.”

ಚಾರ್ಜರಿನೊಳಗೆ ಸಣ್ಣ ನೀಲಿ ಬಿಲ್ಲೆಗಳ ಹಾಗಿನ ಕೆಪ್ಯಾಸಿಟರ್‌ಗಳು ಇರುತ್ತವಂತೆ. ಚಾರ್ಜರು ಒಳಗೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕರೆಂಟನ್ನು ಕಡಿದು ಹಚ್ಚುವಾಗ ಏಳುವ ಗದ್ದಲವನ್ನು ಅರ್ಥಿಂಗಿಗೆ ಬಸಿದುಬಿಡುವುದು ಅವುಗಳ ಕೆಲಸ. ನನ್ನ ಚಾರ್ಜರಿನಲ್ಲಿ ಒಂದು ಫೇಸಿನಿಂದ ಅರ್ಥಿಂಗ್ ಪಿನ್ನಿಗೆ, ಇನ್ನೊಂದು ನ್ಯೂಟ್ರಲ್ಲಿನಿಂದ ಅದೇ ಪಿನ್ನಿಗೆ. ಲ್ಯಾಪ್‌ಟಾಪಿನ ಮೈಯೂ ಅದಕ್ಕೇ ಜೋಡಣೆ. ಪಿನ್ನು ನೆಲ ಮುಟ್ಟಿದ್ದರೆ ಎಲ್ಲ ಸದ್ದಿಲ್ಲದೆ ಇಳಿದುಹೋಗುತ್ತದೆ. ಮುಟ್ಟದಿದ್ದರೆ ಇಬ್ಬರೂ ಸಮನಾಗಿ ಎಳೆದು ಆ ಪಿನ್ನು ನಟ್ಟನಡುವೆ, 230ರ ಅರ್ಧದ ಹತ್ತಿರ, ತೂಗುತ್ತ ನಿಲ್ಲುತ್ತದೆ. ಹರಿಯುವ ಕರೆಂಟು ಸಾಮಾನ್ಯವಾಗಿ ಒಂದು ಮಿಲಿಆಂಪಿಗೂ ಕಡಿಮೆ. ಎರಡೇ ಪಿನ್ನಿನ ಚಾರ್ಜರಾದರೆ ಅರ್ಥಿಂಗ್ ಎಷ್ಟೇ ಚಂದ ಇದ್ದರೂ ತುಸು ಜುಮ್ಮು ಇದ್ದದ್ದೇ, ಇಳಿಯುವ ದಾರಿಯೇ ಅದಕ್ಕಿಲ್ಲ. ಮೂರು ಪಿನ್ನಿನದನ್ನು ಎರಡು ಪಿನ್ನಿಗೆ ಇಳಿಸುವ ಸಣ್ಣ ಕನ್ವರ್ಟರ್ ಸಿಕ್ಕಿಸಿದರೂ ಅದೇ ಪಾಡು.

ಹುಡುಗ ಬೋರ್ಡು ಬಿಚ್ಚಿದ. ಹಸಿರು ವೈರು ಸರಿಯಾಗಿಯೇ ಕೂತಿತ್ತು. ಮೇನ್ ಬೋರ್ಡಿನಲ್ಲೂ ಸರಿ. ಅಲ್ಲಿಂದ ದಪ್ಪ ತಂತಿ ಹಿಡಿದು ಬಚ್ಚಲ ಹಿಂದೆ ಹೋದೆವು, ಮುಂದೆ ಹುಡುಗ, ಹಿಂದೆ ಕಾಕಾ, ಅವರ ಹಿಂದೆ ನಾನು. ತಂತಿ ಗೋಡೆಗುಂಟ ಇಳಿದು ಅರ್ಥಿಂಗ್ ಪೈಪಿಗೆ ಹೋಗಬೇಕಿತ್ತು. ಪೈಪಿನ ತಲೆಯ ಬೋಲ್ಟು ತುಕ್ಕು ತಿಂದು ಉದುರಿತ್ತು. ತಂತಿ ಮಾತ್ರ ನೀಟಾಗಿ ಗಂಟು ಹಾಕಿಸಿಕೊಂಡು ಆ ಮಗ್ಗುಲಿನ ಬಿದಿರು ಗಳಕ್ಕೆ ಬಿಗಿದಿತ್ತು, ಅದರ ಮೇಲೆ ಹೀರಿಬಳ್ಳಿ ಹಬ್ಬಿತ್ತು.

“ಸುಮ್ನ ಜೋತಾಡಾಕತ್ತಿತ್ತು,” ಅಂದಳು ಅವ್ವ. “ಬಳ್ಳಿಗಾದ್ರೂ ಆಗ್ಲಿ ಅಂತ ಕಟ್ಟಿದ್ನಿ.”

ಹುಡುಗ ಮೊದಲ ಸಲ ನಗಲಿಲ್ಲ. “ಅಮ್ಮಾರ, ಈ ತಂತಿಗೆ ನಿಮ್ಮ ಫ್ರಿಜ್, ಗೀಸರ್, ಮಿಕ್ಸರ್ ಇಡೋ ಕಟ್ಟಿ ಪಾಯಿಂಟ್ ಎಲ್ಲಾ ಕೂಡೇತ್ರಿ. ಗೀಸರಿನ ಕಾಯಿಲ್ ಒಡದು ಫೇಸ್ ಮೈಗೆ ಬಂತಂದ್ರ, ಅದು ನೆಲಕ್ಕ ಇಳಿಯೂದಿಲ್ಲ. ಫ್ರಿಜ್ಜಿಗೂ ಬರತೈತಿ, ಅಣ್ಣಾರ ಲ್ಯಾಪ್‌ಟಾಪಿಗೂ ಬರತೈತಿ, ಈ ಹೀರಿಕಾಯಿಗೂ ಬರತೈತಿ. ಅದು ಜುಮ್ ಅನ್ನೂದಿಲ್ಲ.” ಅವ್ವ ಬಳ್ಳಿಯಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ನಿನ್ನೆ ಮೊನ್ನೆ ಅಷ್ಟೇ ಹೀರಿಕಾಯಿ ಪಲ್ಯ ತಿಂದಿದ್ದೆವು.

ಮೇನ್ ಆಫ್ ಮಾಡಿ ಬಳ್ಳಿ ಬಿಡಿಸಿ, ಪೈಪು ಉಜ್ಜಿ ಹೊಸ ಬೋಲ್ಟು ಬಿಗಿದ. ಅಷ್ಟಾದರೂ, ಮೇನ್ ಹಚ್ಚಿ ಈ ಸಲ ಫೇಸ್-ಅರ್ಥಿಂಗ್ ನಡುವೆ ಸೇರಿಸಿದ ಬಲ್ಬು ಮಂಕಾಗಿ ಉರಿಯಿತು. ಹಾಗೆ ಬಲ್ಬು ಹಚ್ಚುವ ಮೊದಲು ಮನೆಯಲ್ಲಿ ಯಾರೂ ಯಾವ ಲೋಹದ ಸಾಮಾನನ್ನೂ ಮುಟ್ಟಬಾರದೆಂದು ಕೂಗಿ ಹೇಳಿದ್ದ. ಅರ್ಥಿಂಗ್ ಸರಿ ಇಲ್ಲದಿದ್ದರೆ ಬಲ್ಬಿನ ಮೂಲಕ ಆ ಎಲ್ಲ ಮೈಗಳಿಗೂ ಫೇಸ್ ಬರುತ್ತದೆ. ಮಂಕಿಗೆ ಕಾರಣ ನಮ್ಮ ಎರಿ ಮಣ್ಣು. ಹಸಿ ಇದ್ದಾಗ ಪೈಪನ್ನು ಅಂಟಿನ ಹಾಗೆ ಹಿಡಿಯುತ್ತದೆ, ಬೇಸಿಗೆಗೆ ಒಣಗಿ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಸುತ್ತಲೂ ಹಾಕಿದ ಇದ್ದಿಲು, ಉಪ್ಪಿಗೂ ನೀರಿಲ್ಲದೆ ಜೀವವಿಲ್ಲ. ಆ ಕೊಡ ಸುರಿದದ್ದು ಆಗಲೇ. ಬಿರುಕುಗಳು ಗಟಗಟ ಕುಡಿದವು. ಒಂದು ತಾಸು ಬಿಟ್ಟು ನೋಡಿದರೆ ಬಲ್ಬು ಫಕ್ಕನೆ ಪೂರಾ ಬೆಳಗಿತು. ಅರ್ಥಿಂಗ್ ಮತ್ತು ನ್ಯೂಟ್ರಲ್ ನಡುವೆ ಎರಡೇ ವೋಲ್ಟು.

ಇಷ್ಟರಿಂದಲೇ ನಿಶ್ಚಿಂತರಾಗಬೇಡಿ ಅಂದ. ಮನೆಯ ಪೈಪು ಹರಿಸುವ ಕರೆಂಟು ಫ್ಯೂಸ್ ಸುಡುವಷ್ಟು ಆಗದೇ ಇರಬಹುದು. 30 ಮಿಲಿಆಂಪ್ ಸೋರಿದರೆ ತಾನೇ ಆಫ್ ಆಗಿ ಬೀಳುವ ಆರ್‌ಸಿಸಿಬಿ ಎಂಬ ಸ್ವಿಚ್ಚು ಮೇನ್ ಬೋರ್ಡಿನಲ್ಲಿ ಇರಲೇಬೇಕು. ನಾಳೆ ತರುತ್ತೇನೆ ಎಂದು ಹೋಗಿದ್ದಾನೆ. ವೈರಮನ್ನನ ನಾಳೆ ಯಾವಾಗ ಬರುತ್ತದೆಂದು ನಿಮಗೂ ಗೊತ್ತು.

ಅವ್ವ ಈಗ ಅಕ್ಕಿ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರನ್ನೆಲ್ಲ ಪೈಪಿನ ಬುಡಕ್ಕೆ ಹಾಕುತ್ತಾಳೆ. ಬಳ್ಳಿಗೆ ಸೆಣಬಿನ ಹಗ್ಗ ಕಟ್ಟಿದ್ದಾಳೆ. ಕಾಕಾ ದಿನಾ ಮುಂಜಾನೆ ಲ್ಯಾಪ್‌ಟಾಪಿಗೆ ಟೆಸ್ಟರ್ ಹಚ್ಚಿ, ಅದು ಹತ್ತದೇ ಇದ್ದದ್ದಕ್ಕೆ ಕೊಂಚ ಹೊತ್ತು ಕೂತೇ ಇರುತ್ತಾರೆ.

ಇವತ್ತು ಮಧ್ಯಾಹ್ನ ಚಹಾ ಬಂತು. ನನ್ನ ಎಡಗೈ ಲ್ಯಾಪ್‌ಟಾಪಿನ ಮೇಲೇ ಇತ್ತು, ಬೇಕಂತಲೇ ಪಾದ ಮಣೆಯ ಮೇಲಿಟ್ಟಿದ್ದೆ. ಹೆಂಡತಿ ಕಪ್ಪು ಕೊಟ್ಟು, ಒಂದು ಗಳಿಗೆ ನಿಂತು, ಮುಂಗೈಯನ್ನು ಹಗುರಾಗಿ ಸವರಿ ನೋಡಿದಳು.

“ಏನೂ ಇಲ್ರಿ,” ಅಂದು ಒಳಗೆ ಹೋದಳು.