ಹೂಂ ಅಂದದ್ದೋ, ಒಪ್ಪಿದ್ದೋ?

ಶಿರಸಿ ಕಡೆಯವ್ನು ನಾನು, ಈಗ ಇರೋದು ಕೆನಡಾದ ರೆಜೈನಾದಲ್ಲಿ. ಧಾನ್ಯದ ಲೋಡು ಯಾವತ್ತು ಎಲ್ಲಿಂದ ಎಲ್ಲಿಗೆ ಹೋಗ್ಬೇಕು ಅಂತ ನೋಡ್ಕೊಳ್ಳೋ ಆಫೀಸಲ್ಲಿ ಕೆಲ್ಸ, ಅಂದ್ರೆ ದಿನಾ ಪೂರ್ತಿ ಮೆಸೇಜು, ಮೇಲು, ಮತ್ತೆ ಮೆಸೇಜು. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಒಂದಿನ ಮ್ಯಾನೇಜರ್ ಏನೋ ಕೇಳಿದ್ದಕ್ಕೆ ಊರ ಅಭ್ಯಾಸದಂತೆ "ಓಕೆ... ನೋಡ್ತೀನಿ..." ಅನ್ನೋ ಅರ್ಥದಲ್ಲಿ ಇಂಗ್ಲಿಷಲ್ಲಿ ಬರೆದೆ. ಹತ್ತು ನಿಮಿಷಕ್ಕೆ ಪುಣ್ಯಾತ್ಮ ನನ್ನ ಟೇಬಲ್ ಹತ್ರ ಬಂದು, ಏನಾದ್ರೂ ಬೇಜಾರಾಯ್ತಾ ಅಂತ ಕೇಳ್ದ. ನಂಗೆ ಎಂತ ಆಯ್ತು ಅಂತ್ಲೇ ಗೊತ್ತಾಗ್ಲಿಲ್ಲ. ಆ ಮೂರು ಚುಕ್ಕಿ ಅವನಿಗೆ "ಇವನೇನೋ ನುಂಗ್ಕೊಂಡ, ಬಾಯಿಬಿಟ್ಟು ಹೇಳ್ತಿಲ್ಲ" ಅನ್ನೋ ಹಾಗೆ ಕಂಡಿತ್ತಂತೆ. ನಮ್ಮಲ್ಲಿ ಚುಕ್ಕಿ ಅಂದ್ರೆ ಉಸಿರು ತಗೊಳ್ಳೋ ಜಾಗ, ಅಷ್ಟೇ. ನಮ್ಮ ಭಾವ ಅಂತೂ ಕಾಮಾ ಹಾಕಿದ್ದು ನಾನು ನೋಡೇ ಇಲ್ಲ, "ಅಡಿಕೆ ಕಳ್ಸಿದ್ದೆ... ನಾಳೆ ಮುಟ್ಟತ್ತು... ಮಳೆ ಜೋರಿದ್ದು..." ಅಂತ ಟಪಾಲಿನ ಕಾಲದಿಂದ್ಲೂ ಹಿಂಗೇ ಬರೆಯೋದು.

ಇಲ್ಲಿಯವ್ರದ್ದು ಬೇರೆ ಕಾಯಿಲೆ, ಆಶ್ಚರ್ಯಚಿಹ್ನೆ. ಪ್ರಿಂಟರ್‌ಗೆ ಕಾಗದ ಹಾಕಿದ್ದಕ್ಕೂ "ಥ್ಯಾಂಕ್ಸ್!" ಅಂತಾರೆ. ಶುರುವಲ್ಲಿ ನಂಗೆ ಇವ್ರೆಲ್ಲ ಎಂತಕ್ಕೆ ಕೂಗ್ತಾರೆ ಅನ್ನಿಸ್ತಿತ್ತು, ಆಮೇಲೆ ತಿಳೀತು ಅದು ಕೂಗಲ್ಲ, ಮುಖದಲ್ಲಿ ನಗು ಇದೆ ಅಂತ ತೋರಿಸೋ ಗುರುತು, ಅದಿಲ್ದೇ ಬರೀ ಫುಲ್‌ಸ್ಟಾಪ್ ಹಾಕಿ "ಥ್ಯಾಂಕ್ಸ್." ಅಂದ್ರೆ ಮುಖ ಸಿಂಡರಿಸ್ಕೊಂಡು ಹೇಳಿದಂಗೆ. ಊರಲ್ಲಿ ಥ್ಯಾಂಕ್ಸ್ ಹೇಳೋದೇ ಕಮ್ಮಿ, ಅದಕ್ಕೆ ಯಾವ ಚಿಹ್ನೆ ಅಂತ ತಲೆಕೆಡಿಸ್ಕೊಳ್ಳೋರು ಯಾರು.

ಇಂಥದ್ದಕ್ಕೆಲ್ಲ ನಾನು ಜಗಳ ಮಾಡಲ್ಲ. ಚಿಹ್ನೆ ಮೂಡ್ ಹೇಳೋವಷ್ಟು ಹೊತ್ತು ಇರ್ಲಿ. ನನ್ನ ತಕರಾರು ಇರೋದು ಅದು ನಿರ್ಧಾರ ಹೇಳೋಕೆ ಹೊರಟಾಗ.

ನಮ್ಮ ಪಕ್ಕದ್ದೇ ಅನ್ನಬಹುದಾದ ಸ್ವಿಫ್ಟ್ ಕರೆಂಟ್ ಕಡೆಯ ಒಂದು ಕೇಸು ಇಲ್ಲಿ ಧಾನ್ಯದ ಆಫೀಸುಗಳಲ್ಲಿ ಎಲ್ರ ಬಾಯಲ್ಲೂ ಇದೆ. 2021ರ ಮಾರ್ಚ್‌ನಲ್ಲಿ ಅಗಸೆ ಕೊಳ್ಳೋ ಕಂಪನಿಯವ್ನು ಒಬ್ಬ ರೈತನ ಜೊತೆ ಫೋನಲ್ಲಿ ಮಾತಾಡಿ, ಕಾಂಟ್ರಾಕ್ಟ್ ಬರೆದು ತಾನು ಸಹಿ ಹಾಕಿ, ಅದರ ಫೋಟೋ ತೆಗೆದು ಮೊಬೈಲಿಗೆ ಕಳ್ಸಿ, ದಯವಿಟ್ಟು ಕನ್‌ಫರ್ಮ್ ಮಾಡಿ ಅಂತ ಬರೀತಾನೆ. ರೈತ ಒಂದು 👍 ಹಾಕ್ತಾನೆ. ನವೆಂಬರಿಗೆ ಅಗಸೆ ಕೊಡ್ಬೇಕಿತ್ತು, ಬರ್ಲಿಲ್ಲ, ಅಷ್ಟೊತ್ತಿಗೆ ದರ ಎರಡು ಪಟ್ಟಿಗಿಂತ ಜಾಸ್ತಿ ಏರಿತ್ತು. ರೈತ ಹೇಳಿದ್ದು, ಹೆಬ್ಬೆರಳು ಹಾಕಿದ್ದು ಕಾಂಟ್ರಾಕ್ಟ್ ಬಂದು ಮುಟ್ಟಿದೆ ಅನ್ನೋಕೆ ಅಷ್ಟೇ, ಒಪ್ಪಿದ್ದಕ್ಕಲ್ಲ ಅಂತ. 2023ರ ಜೂನಲ್ಲಿ ಕೋರ್ಟು ಅದನ್ನ ಸಹಿ ಅಂತ್ಲೇ ಲೆಕ್ಕ ಹಿಡಿದು 82 ಸಾವಿರ ಕೆನಡಾ ಡಾಲರಿಗೂ ಮೇಲೆ ಕಟ್ಟು ಅಂತು. 2024ರ ಕೊನೇಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡೀತು.

ಹಂಗಂತ ಎಲ್ಲಾ ಹೆಬ್ಬೆರಳೂ ಸಹಿ ಅಂತ ಅಲ್ಲ. ಕೋರ್ಟು ನೋಡಿದ್ದು ಇವರಿಬ್ಬರ ಹಳೇ ವ್ಯವಹಾರ. ಅದೇ ರೈತ ಅದೇ ಕಂಪನಿಗೆ ಮುಂಚೆ "ಓಕೆ" ಅಂತಲೋ "ಯಪ್" ಅಂತಲೋ ಚುಟುಕಾಗಿ ಬರೆದು ಮಾಲು ಸರಿಯಾಗಿ ಕೊಟ್ಟಿದ್ದ. ಹಾಗಾಗಿ ಈ ಸಲದ ಹೆಬ್ಬೆರಳೂ ಅದೇ ಸಾಲಿಗೆ ಸೇರ್ತು.

ಇದನ್ನ ಕೇಳಿದಾಗ ನಂಗೆ ನೆನಪಾಗಿದ್ದು ಊರಲ್ಲಿ ಕಥೆ ಕೇಳ್ತಾ ಹೂಂಗುಟ್ಟೋದು. ಅಜ್ಜಿ ಕಥೆ ಹೇಳುವಾಗ ನಾವು "ಹೂಂ... ಹೂಂ..." ಅಂತಿದ್ವಲ್ಲ, ಅದು ರಾಜ ಮಾಡಿದ್ದು ಸರಿ ಅಂತ ಒಪ್ಪಿದ್ದಲ್ಲ, ನಿದ್ರೆ ಬಂದಿಲ್ಲ, ಕೇಳ್ತಾ ಇದ್ದೀವಿ ಅಂತ. ಎದುರಿಗೆ ಕೂತಾಗ ದನಿ ಎಳೆದ ರೀತಿಯಿಂದ್ಲೇ ಯಾವ ಹೂಂ ಅಂತ ಗೊತ್ತಾಗತ್ತೆ. ಹೆಬ್ಬೆರಳಿಗೆ ದನಿ ಇಲ್ವಲ್ಲ ಮಾರಾಯ್ರೆ.

ಮತ್ತೆ ಇದು ಕೆನಡಾದ ಕಥೆ ಅಂತ ನಗೋದು ಬೇಡ. ಭಾವ ಅಡಿಕೆ ವ್ಯಾಪಾರದವ್ರು. ಒಂದು ಗುರುವಾರ ರಾತ್ರಿ ಹುಬ್ಬಳ್ಳಿ ಕಡೆಯ ಒಬ್ಬ ಗಿರಾಕಿಗೆ "ಚಾಲಿ 20 ಚೀಲ ಇದ್ದು... ನಿನ್ನೆ ಹೇಳಿದ ರೇಟು... ಶನಿವಾರ ಲೋಡ್ ಮಾಡಲಾ??" ಅಂತ ವಾಟ್ಸಾಪ್ ಹಾಕಿದ್ರು. ಬಂದ ಉತ್ತರ ಒಂದೇ ಒಂದು 🙏. ಶನಿವಾರ ಬೆಳಿಗ್ಗೆ ಲಾರಿ ಹೊರಟೂ ಬಿಡ್ತು. ಮಧ್ಯಾಹ್ನ ಗಿರಾಕಿ ಫೋನ್ ಮಾಡಿ, ನಾ ಯಾವಾಗ ಕಳಸ್ರಿ ಅಂದೆ, ಕೈ ಮುಗಿದು ಈ ಸಲ ಬ್ಯಾಡ ಅಂದಿದ್ದೆ ಅಂತ. ಭಾವ ನಂಗೆ ಹೇಳಿದ್ದು, "ಆನು ಒಪ್ಪಿದ ಹೇಳಿಯೇ ತಿಳ್ಕಂಡಿ." ತಪ್ಪು ಯಾರದ್ದು ಹೇಳಿ ನೋಡುವ. ನಮಸ್ಕಾರ, ಉಪಕಾರ ಆಯ್ತು, ತಪ್ಪಾಯ್ತು, ದೊಡ್ಡ ಮನಸ್ಸು ಮಾಡಿ, ಸಾಕು ಬಿಟ್ಟುಬಿಡಿ, ಇಷ್ಟನ್ನೂ ನಮ್ಮ ಜನ ಅದೇ ಎರಡು ಕೈಯಲ್ಲಿ ಹೇಳೋದು. ಕೊನೆಗೆ ಮಾಲು ವಾಪಸ್ ತರೋ ಬದ್ಲು ರೇಟು ಇಳಿಸಿ ಅಲ್ಲೇ ಕೊಟ್ಟು ಬಂದ್ರು.

ಭಾವನ ಮೆಸೇಜನ್ನ ಇಬ್ರೂ ಕೂತು ಮತ್ತೆ ಓದಿದ್ವಿ. ಕೈ ಮುಗಿದದ್ದು ಗಿರಾಕಿ, ಸರಿ, ಆದ್ರೆ ದಾರಿ ಮಾಡಿಕೊಟ್ಟದ್ದು ಪ್ರಶ್ನೆ. "ನಿನ್ನೆ ಹೇಳಿದ ರೇಟು" ಅಂದ್ರೆ ಎಷ್ಟು? ಮೆಸೇಜಲ್ಲಿ ಇಲ್ಲ. ಎರಡೆರಡು ಪ್ರಶ್ನಾರ್ಥಕ ಬೇರೆ, ಅದು ಓದೋರಿಗೆ ಅವಸರ ಮಾಡಿದಂಗೆ, ಕೆಲವರಿಗೆ ಗದರಿದಂಗೆ. ಚುಕ್ಕಿ ಎಲ್ಲಾ ತೆಗೆದು ನಾವು ಬರ್ಕೊಂಡಿದ್ದು ಹೀಗೆ: "ಚಾಲಿ 20 ಚೀಲ. ಕ್ವಿಂಟಲ್‌ಗೆ ಇಷ್ಟು ರೂಪಾಯಿ. ಶನಿವಾರ ಬೆಳಿಗ್ಗೆ ಲೋಡ್. ಬೇಕಿದ್ರೆ ಒಪ್ಪಿದೆ ಅಂತ, ಬೇಡದಿದ್ರೆ ಬೇಡ ಅಂತ ಬರೀರಿ. ಉತ್ತರ ಬರೋ ತನಕ ಲಾರಿ ಹೊರಡಲ್ಲ." "ಇಷ್ಟು" ಅನ್ನೋ ಕಡೆ ಅವತ್ತಿನ ಅಂಕಿ. ಸ್ವಲ್ಪ ಒಣ ಒಣ ಅನ್ನಿಸತ್ತೆ, ಅನ್ನಿಸ್ಲಿ.

ನಾನು ಆಫೀಸಲ್ಲೂ ಇದೇ ಇಟ್ಕೊಂಡಿದ್ದೀನಿ. ಅಂಕಿ, ತಾರೀಕು, ದುಡ್ಡು, ಇಲ್ಲಾ ಯಾರ ಮೇಲೋ ಹೊರೋ ಜವಾಬ್ದಾರಿ, ಇವುಗಳಲ್ಲಿ ಒಂದಿದ್ರೂ ಕಳಿಸೋ ಮುಂಚೆ ಒಂದ್ಸಲ ಓದಿ ಎಮೋಜಿ ತೆಗೀತೀನಿ, ತೆಗೆದ ಮೇಲೂ ವಾಕ್ಯ ಅದೇ ಅರ್ಥ ಕೊಡತ್ತಾ ನೋಡ್ತೀನಿ. ಕೊಡದಿದ್ರೆ ಆ ಎಮೋಜಿ ಒಂದು ಪದದ ಕೆಲ್ಸ ಮಾಡ್ತಿತ್ತು ಅಂತ ಅರ್ಥ, ಆ ಪದ ಬರೀಬೇಕು. ಮೆಸೇಜ್ ಮೇಲೆ ಒತ್ತಿ ಹಿಡಿದು ಹಾಕೋ ರಿಯಾಕ್ಷನ್ ಅಂತೂ ಇನ್ನೂ ನಂಬೋ ಹಾಗಿಲ್ಲ, ನಾಳೆ ಅದನ್ನ ಬದಲಾಯಿಸ್ಬಹುದು, ತೆಗೆದೂ ಬಿಡಬಹುದು. ನನ್ನ ಮಟ್ಟಿಗೆ ಅದು "ನೋಡಿದೆ" ಅಷ್ಟೇ.

ಈಮೇಲಲ್ಲಿ ಇನ್ನೊಂದು ತಮಾಷೆ ಇತ್ತು. ಔಟ್‌ಲುಕ್‌ನಲ್ಲಿ :) ಅಂತ ಒತ್ತಿದ್ರೆ ಅದು ವಿಂಗ್‌ಡಿಂಗ್ಸ್ ಅನ್ನೋ ಫಾಂಟಿನ ನಗುಮುಖ ಆಗೋದು, ಆ ಫಾಂಟಲ್ಲಿ ನಗುಮುಖ ಕೂತಿರೋದು J ಅಕ್ಷರದ ಜಾಗದಲ್ಲಿ, ಹಾಗಾಗಿ ಫಾಂಟ್ ಕಾಣದ ಕಡೆ ಬರೀ J ಕಾಣ್ತಿತ್ತು. "ತಡ ಆಯ್ತು, ಸಾರಿ J" ಅಂತ ಮೇಲ್ ಬಂದಾಗ ಈ ಜೆ ಯಾರು ಅಂತ ನಾನು ಎಷ್ಟೋ ದಿನ ಹುಡುಕಿದ್ದೆ.

ಎಮೋಜಿ ಎಲ್ಲಾ ಕಡೆ ತೆಗೀರಿ ಅಂತ ನಾನು ಹೇಳಲ್ಲ ಆಯ್ತಾ. ಹೊಸದಾಗಿ ಸೇರಿದ ಹುಡುಗ ಲೋಡ್ ಶೀಟಲ್ಲಿ ತಪ್ಪು ಮಾಡಿದಾಗ "ಇದನ್ನ ಸರಿ ಮಾಡು." ಅಂತ ಬರೀ ಫುಲ್‌ಸ್ಟಾಪ್ ಹಾಕಿದ್ರೆ ಅವನಿಗೆ ರಾತ್ರಿ ನಿದ್ರೆ ಬರಲ್ಲ, ಅಲ್ಲಿ ಒಂದು 🙂 ಇದ್ರೆ ಯಾರಿಗೂ ನಷ್ಟ ಇಲ್ಲ. ಆದ್ರೆ ಅದೇ ತಪ್ಪು ಮೂರನೇ ಸಲ ಆದಾಗ ನಗುಮುಖ ಹಾಕಿದ್ರೆ ಅದು ಚುಚ್ಚಿದಂಗೆ, ಆವಾಗ ತೆಗೆದೇ ಬರೀಬೇಕು, ಆಗೋದಾದ್ರೆ ಎದ್ದುಹೋಗಿ ಮಾತಾಡ್ಬೇಕು.

ಮೊನ್ನೆ ಭಾವ ಅದೇ ಗಿರಾಕಿಯ ಮೆಸೇಜಿನ ಸ್ಕ್ರೀನ್‌ಶಾಟ್ ಕಳ್ಸಿದ್ರು. ಒಂದು ಮೆಸೇಜಲ್ಲಿ "20 ಚೀಲ. ಶನಿವಾರ. ಒಪ್ಪಿದೆ." ಅದರ ಕೆಳಗೆ ಬೇರೆ ಮೆಸೇಜಲ್ಲಿ, ಒಂದೇ ಒಂದು 🙏. ಚೊಲೋ ಆತು ಅಂತ ನಾನು ಬರೆದೆ. ಭಾವ ಅದಕ್ಕೆ "ಅಡ್ಡಿಲ್ಲೆ..." ಅಂದ್ರು.