ಗಲ್ಫ್‌ನಲ್ಲಿ ಮೊದಲು ನೋಡೋದು ಪಾಸ್‌ಪೋರ್ಟ್

ಹೊರದೇಶದಲ್ಲಿರುವ ನಮ್ಮವರ ಬಗ್ಗೆ ಬರೆಯುವಾಗ ಎಲ್ಲರನ್ನೂ ‘ಬ್ರೌನ್’, ‘ಪೀಪಲ್ ಆಫ್ ಕಲರ್’ ಅಂತ ಮೈಬಣ್ಣದ ಹೆಸರಿನಲ್ಲಿ ಒಂದೇ ಗಂಟಿಗೆ ಕಟ್ಟೋದು ಈಗ ಜಾಸ್ತಿ ಆಗಿದೆ. ನನಗೆ ಇದು ಸರಿ ಕಾಣುವುದಿಲ್ಲ.

ಅಮೆರಿಕವನ್ನೇ ನೋಡಿ. ಅಲ್ಲಿ ಒಂದು ಕಾಲದಲ್ಲಿ ವಲಸೆ ಬಂದವರು ಪೌರತ್ವ ಪಡೆಯಬೇಕಾದರೆ ಬಿಳಿಯರಾಗಿರಬೇಕಿತ್ತು, ಇಲ್ಲವೇ ಆಫ್ರಿಕಾ ಮೂಲದವರಾಗಿರಬೇಕಿತ್ತು. ಪಂಜಾಬಿನಿಂದ ಹೋಗಿ ಅಮೆರಿಕದ ಸೈನ್ಯದಲ್ಲೂ ಇದ್ದ ಭಗತ್ ಸಿಂಗ್ ಥಿಂಡ್, ತಾನು ಮೇಲ್ಜಾತಿಯ ಆರ್ಯ, ಹಾಗಾಗಿ ಬಿಳಿಯ ಎಂದು ಸುಪ್ರೀಂ ಕೋರ್ಟಿನವರೆಗೆ ಹೋಗಿ ವಾದಿಸಿದರು. 1923ರಲ್ಲಿ ಕೋರ್ಟು, ಜನಸಾಮಾನ್ಯರ ಕಣ್ಣಿಗೆ ನೀವು ಬಿಳಿಯರಲ್ಲ ಎಂದಿತು. ಆಗಲೇ ಪೌರತ್ವ ಸಿಕ್ಕಿದ್ದ ಹಲವು ಭಾರತೀಯರೂ ಅದನ್ನು ಕಳೆದುಕೊಂಡರು. ಆದರೆ 1970ರ ಜನಗಣತಿಯಲ್ಲಿ ಅದೇ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದರು! ನಮ್ಮವರ ಸಂಘಟನೆಗಳೇ ಒತ್ತಾಯ ಮಾಡಿದ ಮೇಲೆ 1980ರಲ್ಲಿ ‘ಏಷ್ಯನ್ ಇಂಡಿಯನ್’ ಅಂತ ಬೇರೆ ಕಲಂ ಬಂತು. ಅಲ್ಪಸಂಖ್ಯಾತರಿಗೆ ಸಿಗುವ ರಕ್ಷಣೆ, ಸವಲತ್ತು ಬೇಕಿದ್ದರೆ ಲೆಕ್ಕದಲ್ಲಿ ಬೇರೆಯಾಗಿ ಕಾಣಿಸಬೇಕಿತ್ತು. ಅಷ್ಟು ವರ್ಷದಲ್ಲಿ ಯಾರ ಮೈಬಣ್ಣವೂ ಬದಲಾಗಿರಲಿಲ್ಲ, ಅಲ್ವಾ?

ದಕ್ಷಿಣ ಆಫ್ರಿಕಾದ ಕಥೆಯೇ ಬೇರೆ. ಡರ್ಬನ್‌ನ ಭಾರತೀಯರಿಗೆ ‘ಕಲರ್ಡ್’ ಅಂದರೆ ತಾವಲ್ಲ, ಅದು ಮಿಶ್ರ ಮೂಲದ ಇನ್ನೊಂದು ಸಮುದಾಯ. ವರ್ಣಭೇದದ ಸರ್ಕಾರ 1984ರಲ್ಲಿ ಪಾರ್ಲಿಮೆಂಟನ್ನೇ ಮೂರು ಸದನ ಮಾಡಿತು. ಬಿಳಿಯರಿಗೊಂದು, ಕಲರ್ಡ್ ಜನರಿಗೊಂದು, ಭಾರತೀಯರಿಗೊಂದು. ದೇಶದ ಬಹುಪಾಲು ಜನರಾದ ಕಪ್ಪು ಆಫ್ರಿಕನ್ನರಿಗೆ ಒಂದೂ ಇಲ್ಲ. ಅನೇಕ ಭಾರತೀಯರು ಆ ಚುನಾವಣೆಯನ್ನು ಬಹಿಷ್ಕರಿಸಿದರು. ಆಮೇಲೆ 1998ರ ಉದ್ಯೋಗ ಸಮಾನತೆ ಕಾನೂನು ಆಫ್ರಿಕನ್ನರು, ಕಲರ್ಡ್ ಜನರು, ಭಾರತೀಯರು ಮೂವರನ್ನೂ ಸೇರಿಸಿ ‘ಕಪ್ಪು ಜನ’ ಎಂದಿತು. ಇಂಥ ಕಡೆ ‘ಪೀಪಲ್ ಆಫ್ ಕಲರ್’ ಅಂದುಬಿಟ್ಟರೆ, ಮೇಲೆ ಕೆಳಗೆ ಅಂತ ಇದ್ದ ಆ ಮೆಟ್ಟಿಲುಗಳೇ ಮರೆಯಾಗುತ್ತವೆ.

ನನಗೆ ಹೆಚ್ಚು ಸಂಕಟ ಆಗೋದು ಗಲ್ಫ್ ವಿಷಯಕ್ಕೆ. ಉಡುಪಿ, ಮಂಗಳೂರು, ಭಟ್ಕಳದ ಎಷ್ಟೋ ಮನೆಗಳ ಒಲೆ ಉರಿಯೋದು ಅಲ್ಲಿಂದ ಬರುವ ದುಡ್ಡಿನಲ್ಲಿ. ಅಲ್ಲಿ ಬಣ್ಣದ ತಾರತಮ್ಯ ಇಲ್ಲ ಅಂತಲ್ಲ. ಆದರೆ ಕೆಲಸ ಕೊಟ್ಟ ಅರಬನೂ, ಅವನ ಅಂಗಡಿಯಲ್ಲಿ ದುಡಿಯುವ ನಮ್ಮ ಹುಡುಗನೂ ಒಂದೇ ಬಣ್ಣ ಇರಬಹುದು. ಇಬ್ಬರ ನಡುವಿನ ಗೋಡೆ ಕಫಾಲಾ ಎಂಬ ವ್ಯವಸ್ಥೆ. ಅಲ್ಲಿರಲು ಬೇಕಾದ ವೀಸಾ ಮಾಲೀಕನಿಗೆ ಅಂಟಿಕೊಂಡಿರುತ್ತದೆ, ಕಾನೂನಿನಲ್ಲಿ ತಪ್ಪಾದರೂ ಪಾಸ್‌ಪೋರ್ಟನ್ನೇ ಕಸಿದು ಇಟ್ಟುಕೊಳ್ಳುವವರಿದ್ದಾರೆ. ಮಕ್ಕಳು ಅಲ್ಲೇ ಹುಟ್ಟಿ ಬೆಳೆದರೂ ಸಾಮಾನ್ಯವಾಗಿ ಪೌರತ್ವ ಸಿಗುವುದಿಲ್ಲ. ಇದೇ ಹುಡುಗನ ದೊಡ್ಡಪ್ಪನ ಮಗ ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದು ಬಂದರೆ ಸಂಬಳವೂ ಬೇರೆ, ಕೂರಿಸಿ ಮಾತಾಡಿಸುವ ರೀತಿಯೂ ಬೇರೆ. ಇಬ್ಬರನ್ನೂ ‘ಬ್ರೌನ್’ ಅಂದರೆ ಆ ಹುಡುಗನ ಕಷ್ಟದ ಬಗ್ಗೆ ಏನು ಹೇಳಿದ ಹಾಗಾಯಿತು?

ಕಫಾಲಾದಲ್ಲಿ ಸಿಕ್ಕಿಕೊಂಡವರ ಪರ ಬರೆಯುವವರು ದಯವಿಟ್ಟು ವೀಸಾ ಯಾರ ಕೈಯಲ್ಲಿದೆ, ಕೆಲಸ ಬದಲಿಸಲು ಯಾರ ಒಪ್ಪಿಗೆ ಬೇಕು, ಏಜೆಂಟನಿಗೆ ಕೊಡಲು ಮಾಡಿದ ಸಾಲ ತೀರಿದೆಯಾ, ಇದನ್ನು ಕೇಳಿ ಬರೆಯಿರಿ.